ಒಂದು ಪ್ಯಾರಾ ಈಮೇಲ್, ಎರಡು ಬಿಲ್: ಸ್ಟೇಷನರಿ ಅಂಗಡಿಯ ಒಂದು ಪ್ರಕರಣ

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಸ್ಟೇಷನರಿ ಹೋಲ್‌ಸೇಲ್ ಅಂಗಡಿ ಇದೆ. ನೋಟ್‌ಬುಕ್, ಪೆನ್ನು, ಜೆರಾಕ್ಸ್ ಪೇಪರ್ ಮುಖ್ಯ ವ್ಯಾಪಾರ. ಅಂಗಡಿಯ ಮಾಲೀಕರು ವ್ಯಾಪಾರದಲ್ಲಿ ಗಟ್ಟಿ ಆಳು, ಆದರೆ ಕಂಪ್ಯೂಟರ್ ಮುಂದೆ ಕೂರುವವರಲ್ಲ. ಕೌಂಟರ್‌ನಲ್ಲಿ ಚಿಲ್ಲರೆ ಬಿಲ್ ಹುಡುಗರು ಹರಿಯುತ್ತಾರೆ. ದೊಡ್ಡ ಆರ್ಡರ್ ಇದ್ದರೆ ಮಾತ್ರ ಮಾಲೀಕರು ನಮ್ಮ ಅಕೌಂಟ್ಸ್ ಆಫೀಸಿಗೆ ಒಂದು ಈಮೇಲ್ ಹಾಕುತ್ತಾರೆ, ನಾವು ಟ್ಯಾಲಿಯಲ್ಲಿ ಬಿಲ್ ಮಾಡಿ ಕಳಿಸುತ್ತೇವೆ. ಈಮೇಲ್ ಅಂದರೆ ಪಟ್ಟಿಯಲ್ಲ. ಫೋನಲ್ಲಿ ಹೇಳುವುದನ್ನೇ ಟೈಪ್ ಮಾಡಿದ ಹಾಗೆ, ಒಂದೇ ಪ್ಯಾರಾ.

ಹೆಸರು, ಊರು ಗೊತ್ತಾಗುವ ವಿವರಗಳನ್ನು ಇಲ್ಲಿ ತೆಗೆದಿದ್ದೇನೆ. ಲೆಕ್ಕವನ್ನು ಮಾತ್ರ ಪೂರ್ತಿ ಬಿಡಿಸಿ ಹೇಳುತ್ತೇನೆ, ಯಾಕಂದರೆ ಈ ಪ್ರಕರಣದಲ್ಲಿ ಕಲಿಯುವುದೆಲ್ಲ ಲೆಕ್ಕದ ಒಳಗೇ ಇದೆ. 2025ರ ನವೆಂಬರ್‌ನಲ್ಲಿ ಒಂದು ಸಂಜೆ ಬಂದ ಈಮೇಲ್ ಹೀಗಿತ್ತು:

> ಸರ್, ನಾಳೆ ಬೆಳಿಗ್ಗೆ ಕೋಚಿಂಗ್ ಸೆಂಟರಿಗೆ ಮಾಲು ಹೊರಡ್ತದೆ, ಇವತ್ತೇ ಬಿಲ್ ಮಾಡಿಕೊಡ್ರಿ. 200 ಪೇಜ್ ನೋಟ್‌ಬುಕ್ 40 ಡಜನ್, 40 ರೂಪಾಯಿ ಹಾಕ್ರಿ. ಬಾಲ್ ಪೆನ್ 50 ಬಾಕ್ಸ್ ಇದಾವೆ, 100ರ ಪ್ರಕಾರ. ಎ4 ಪೇಪರ್ 4 ಪೆಟ್ಟಿಗೆ, 250. ವೈಟ್‌ಬೋರ್ಡ್ ಮಾರ್ಕರ್ 20 ಬಾಕ್ಸ್, 20 ರೂಪಾಯಿ ಪ್ಲಸ್ ಟ್ಯಾಕ್ಸ್, ಅದಕ್ಕೆ 5 ಪರ್ಸೆಂಟ್ ಲೆಸ್ ಮಾಡ್ರಿ. ಆಟೋ ಬಾಡಿಗೆ 600 ಸೇರಿಸಿ. ಅವರಿಗೆ ಒಟ್ಟು 35,184 ಅಂತ ಹೇಳಿದೀನಿ.

ಕೊಳ್ಳುವವರು ಅದೇ ಊರಿನ ಕೋಚಿಂಗ್ ಸೆಂಟರ್. ಅವರಿಗೂ ಜಿಎಸ್‌ಟಿ ನೋಂದಣಿ ಇದೆ. ಕೋಚಿಂಗ್ ಫೀಸಿನ ಮೇಲೆ ಅವರು 18 ಪರ್ಸೆಂಟ್ ಕಟ್ಟುತ್ತಾರೆ, ಹಾಗಾಗಿ ಖರೀದಿಯ ಮೇಲಿನ ಟ್ಯಾಕ್ಸ್ ಅನ್ನು ಇನ್‌ಪುಟ್ ಕ್ರೆಡಿಟ್ ಅಂತ ತೆಗೆದುಕೊಳ್ಳುತ್ತಾರೆ. ಇಲ್ಲಿ ಒಂದು ಸಾಲು ತಪ್ಪಾದರೆ ಇಬ್ಬರ ಪುಸ್ತಕದಲ್ಲೂ ತಪ್ಪಾಗುತ್ತದೆ. ಎರಡೂ ಕಡೆ ಕರ್ನಾಟಕವೇ ಆದ್ದರಿಂದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅರ್ಧರ್ಧ, ಐಜಿಎಸ್‌ಟಿಯ ಮಾತಿಲ್ಲ.

ಮೊದಲು ಎಣಿಕೆ

ಈಮೇಲ್ ಅನ್ನು ಒಮ್ಮೆ ಓದಿದರೆ ಎಲ್ಲವೂ ಇದೆ ಅನ್ನಿಸುತ್ತದೆ. ಮಾಲು ಇದೆ, ಎಷ್ಟು ಅಂತ ಇದೆ, ರೇಟ್ ಇದೆ, ಒಟ್ಟು ಇದೆ. ಆದರೆ ಟ್ಯಾಲಿಯ ಸಾಲಿಗೆ ಹಾಕಲು ಹೋದರೆ ಮೊದಲ ಕಾಲಮ್‌ನಲ್ಲೇ ನಿಲ್ಲಬೇಕಾಗುತ್ತದೆ. ನೋಟ್‌ಬುಕ್ ಡಜನ್ ಲೆಕ್ಕದಲ್ಲಿದೆ, ರೇಟ್ ಒಂದಕ್ಕೆ. ಪೇಪರ್ ಪೆಟ್ಟಿಗೆ ಲೆಕ್ಕದಲ್ಲಿದೆ, 250 ರೂಪಾಯಿ ಮಾತ್ರ ಒಂದು ರೀಮಿಗೆ. ಮಾರ್ಕರ್ ಬಾಕ್ಸ್ ಲೆಕ್ಕದಲ್ಲಿದೆ, 20 ರೂಪಾಯಿ ಒಂದು ಮಾರ್ಕರ್‌ಗೆ. ಪೆನ್ನು ಒಂದರಲ್ಲಿ ಮಾತ್ರ ಎಣಿಕೆಯೂ ಬಾಕ್ಸ್, ರೇಟೂ ಬಾಕ್ಸಿಗೆ.

ಮಾತಾಡುವಾಗ ಜನ ಮಾಲನ್ನು ಲೋಡಿಂಗ್ ಮಾಡುವ ಹಾಗೆ ಎಣಿಸುತ್ತಾರೆ, ರೇಟನ್ನು ಗಿರಾಕಿಗೆ ಹೇಳುವ ಹಾಗೆ ಹೇಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಬಿಲ್ ಮಾಡುವವರು ನೆನಪಿಡಬೇಕಾದದ್ದು ಇಷ್ಟೇ: ರೇಟ್ ಯಾವುದಕ್ಕೋ ಎಣಿಕೆಯೂ ಅದಕ್ಕೇ ಇರಬೇಕು. 40 ಡಜನ್ ಅಂದರೆ 480 ನೋಟ್‌ಬುಕ್. 4 ಪೆಟ್ಟಿಗೆ ಅಂದರೆ, ಒಂದೊಂದರಲ್ಲಿ 5 ರೀಮ್, ಒಟ್ಟು 20 ರೀಮ್. ಮಾರ್ಕರ್ ಬಾಕ್ಸಿನಲ್ಲಿ 10 ಇರುತ್ತವೆ, ಹಾಗಾಗಿ 200. ಪೆನ್ನು 50 ಬಾಕ್ಸ್ ಹಾಗೇ.

ಬಾಕ್ಸಿನಲ್ಲಿ ಎಷ್ಟಿರುತ್ತದೆ ಅನ್ನುವುದು ಈಮೇಲ್‌ನಲ್ಲಿ ಇಲ್ಲ. ಅದು ಐಟಂ ಮಾಸ್ಟರ್‌ನಲ್ಲೋ ಹಳೆ ಬಿಲ್ಲಿನಲ್ಲೋ ಸಿಗಬೇಕು. ಸಿಗದಿದ್ದರೆ ಫೋನ್ ಮಾಡಬೇಕು, ಅಂದಾಜು ಕೂಡದು. ಐದು ರೀಮಿನ ಪೆಟ್ಟಿಗೆಯೂ ಇದೆ, ಹತ್ತು ರೀಮಿನದೂ ಇದೆ. ಇನ್ನೊಂದು ಸಣ್ಣ ವಿಷಯ: ಜಿಎಸ್‌ಟಿ ರಿಟರ್ನ್‌ನಲ್ಲಿ ಎಣಿಕೆಗೆ ನಿಗದಿಯಾದ ಕೋಡ್‌ಗಳಿವೆ, `DOZ`, `BOX`, `PCS`, `NOS` ಹೀಗೆ. ಆ ಪಟ್ಟಿಯಲ್ಲಿ ರೀಮ್ ಅನ್ನುವುದಿಲ್ಲ. ನಾವು ರೀಮನ್ನು `PAC` ಅಂತ ಹಾಕುತ್ತೇವೆ, ಬಿಲ್ಲಿನ ವಿವರಣೆಯಲ್ಲಿ ರೀಮ್ ಅಂತಲೇ ಬರೆಯುತ್ತೇವೆ.

ಟ್ಯಾಕ್ಸ್ ಸೇರಿಯೋ, ಬಿಟ್ಟೋ

ತೊಡಕು ಶುರುವಾದದ್ದು ರೇಟಿನಲ್ಲಿ. ಮಾರ್ಕರ್‌ಗೆ ಮಾತ್ರ ಪ್ಲಸ್ ಟ್ಯಾಕ್ಸ್ ಅಂತ ಬರೆದಿದ್ದಾರೆ. ಪೆನ್ನಿಗೆ, ಪೇಪರಿಗೆ ಏನೂ ಇಲ್ಲ. ಹೇಳಿಲ್ಲ ಅಂದರೆ ಟ್ಯಾಕ್ಸ್ ಸೇರಿದೆ ಅಂತಲಾ? ಅಥವಾ ಹೋಲ್‌ಸೇಲ್ ಅಲ್ವಾ, ಎಲ್ಲದಕ್ಕೂ ಪ್ಲಸ್ಸೇ, ಮಾರ್ಕರ್ ಹತ್ತಿರ ಬಂದಾಗ ನೆನಪಾಗಿ ಬರೆದರಾ?

ನೋಟ್‌ಬುಕ್ ಮಟ್ಟಿಗೆ ಈ ಪ್ರಶ್ನೆ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್ ಮೇಲೆ ಟ್ಯಾಕ್ಸ್ ಇಲ್ಲ. ಅದಕ್ಕೂ ಮುಂಚೆ 12 ಪರ್ಸೆಂಟ್ ಇತ್ತು. ಅದೇ ದಿನ ಎ4 ಪೇಪರ್ 12ರಿಂದ 18ಕ್ಕೆ ಏರಿತು. ಪೆನ್ನು, ಮಾರ್ಕರ್ ಮೊದಲೂ 18, ಈಗಲೂ 18. ನಮ್ಮ ಟ್ಯಾಲಿಯ ಐಟಂ ಮಾಸ್ಟರ್‌ನಲ್ಲಿ ಈ ಬದಲಾವಣೆಗಳನ್ನು ಆ ತಾರೀಖಿನಿಂದ ಹಾಕಿಯಾಗಿತ್ತು. ಹಾಕದಿದ್ದರೆ ಮುಂದಿನದೆಲ್ಲ ಹಳೆ ರೇಟಿನಲ್ಲೇ ನಡೆದುಹೋಗುತ್ತಿತ್ತು.

ಆಫೀಸಿನಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗಿ ಮೊದಲ ಕರಡು ಮಾಡಿದಳು. ಹೋಲ್‌ಸೇಲ್ ಅಂದರೆ ಪ್ಲಸ್ ಟ್ಯಾಕ್ಸ್ ಅಂದುಕೊಂಡು ಮೂರಕ್ಕೂ ಮೇಲೆ 18 ಪರ್ಸೆಂಟ್ ಹಾಕಿದಳು. ನೋಟ್‌ಬುಕ್ 19,200. ಪೆನ್ನು 5,000ಕ್ಕೆ ಟ್ಯಾಕ್ಸ್ ಸೇರಿ 5,900. ಪೇಪರ್ 5,000, ಅದೂ 5,900. ಮಾರ್ಕರ್ 4,000ದಲ್ಲಿ 5 ಪರ್ಸೆಂಟ್ ಕಳೆದು 3,800, ಟ್ಯಾಕ್ಸ್ 684, ಒಟ್ಟು 4,484. ಬಾಡಿಗೆ 600. ಕೂಡಿದರೆ 36,084. ಮಾಲೀಕರು ಹೇಳಿದ್ದಕ್ಕಿಂತ 900 ಜಾಸ್ತಿ.

ಸರಿ, ಹಾಗಾದರೆ ಹೇಳದೇ ಇದ್ದದ್ದಕ್ಕೆಲ್ಲ ಟ್ಯಾಕ್ಸ್ ಸೇರಿದೆ ಅಂತ ಇನ್ನೊಂದು ಕರಡು ಮಾಡಿದಳು. ಪೆನ್ನು 5,000, ಪೇಪರ್ 5,000, ಉಳಿದದ್ದು ಮೊದಲಿನಂತೆ. ಒಟ್ಟು 34,284. ಈಗ 900 ಕಡಿಮೆ.

ಇಲ್ಲಿ ಅವಳು ಮಾಡಲು ಹೊರಟದ್ದನ್ನು ಹೇಳಲೇಬೇಕು, ಏಕೆಂದರೆ ಇದು ಎಷ್ಟೋ ಆಫೀಸಿನಲ್ಲಿ ದಿನಾ ನಡೆಯುವುದು. "ಸರ್, ಮೊದಲನೇದರಲ್ಲಿ 900 ಡಿಸ್ಕೌಂಟ್ ಅಂತ ಹಾಕಿಬಿಡ್ಲಾ? ಟೋಟಲ್ ಕೂತ್ಕೊಳ್ಳುತ್ತೆ" ಅಂದಳು. ಕೂತ್ಕೊಳ್ಳುತ್ತೆ, ನಿಜ. ಆದರೆ ಕೊಡದ ಡಿಸ್ಕೌಂಟ್ ಬಿಲ್ಲಿನಲ್ಲಿ ಬರುತ್ತದೆ. ಟ್ಯಾಕ್ಸ್ ಹಾಕಿದ ಮೇಲೆ ಕೊನೆಯಲ್ಲಿ ಕಳೆದರೆ ಮಾಲಿನ ಬೆಲೆ ಸುಳ್ಳಾಗುತ್ತದೆ, ವಸೂಲಿ ಮಾಡದ ಟ್ಯಾಕ್ಸ್ ತೋರಿಸಿದಂತಾಗುತ್ತದೆ. ಟ್ಯಾಕ್ಸ್‌ಗಿಂತ ಮೊದಲು ಕಳೆದರೆ 900 ಜಾಸ್ತಿಯಾಗುತ್ತದೆ, ಬೇರೆ ಅಂಕಿ ಬೇಕು. ಒಟ್ಟು ಹೊಂದಲಿಲ್ಲ ಅಂದರೆ ಎಲ್ಲೋ ಒಂದು ಸಾಲನ್ನು ತಪ್ಪಾಗಿ ಓದಿದ್ದೇವೆ ಅಂತ ಅರ್ಥ. ಆ ಸಾಲು ಸಿಗುವವರೆಗೂ ವ್ಯತ್ಯಾಸವನ್ನು ಡಿಸ್ಕೌಂಟ್‌ನಲ್ಲೋ ರೌಂಡ್ ಆಫ್‌ನಲ್ಲೋ ಮುಚ್ಚಬಾರದು.

ವ್ಯತ್ಯಾಸದ ಅಂಕಿಯನ್ನೇ ನೋಡೋಣ ಅಂದೆ. ಒಂದು ಕಡೆ 900 ಜಾಸ್ತಿ, ಇನ್ನೊಂದು ಕಡೆ 900 ಕಡಿಮೆ. 900 ಅಂದರೆ 5,000ಕ್ಕೆ 18 ಪರ್ಸೆಂಟ್. ಅಂದಮೇಲೆ ಪೆನ್ನು, ಪೇಪರ್ ಎರಡರಲ್ಲಿ ಒಂದು ಪ್ಲಸ್ ಟ್ಯಾಕ್ಸ್, ಇನ್ನೊಂದು ಟ್ಯಾಕ್ಸ್ ಸೇರಿ. ಆಗ 35,184 ಸರಿಯಾಗಿ ಬರುತ್ತದೆ. ಇದೇ ಪರೀಕ್ಷೆಯಲ್ಲಿ ಇನ್ನೊಂದು ಅನುಮಾನವೂ ಹೋಯಿತು. "ಅದಕ್ಕೆ 5 ಪರ್ಸೆಂಟ್ ಲೆಸ್" ಅನ್ನುವುದು ಮಾರ್ಕರ್‌ಗೆ ಮಾತ್ರವೋ ಪೆನ್ನಿಗೂ ಸೇರಿಯೋ ಅನ್ನುವುದು ಬರೆದ ರೀತಿಯಿಂದ ಖಚಿತವಿರಲಿಲ್ಲ. ಪೆನ್ನಿಗೂ ಕಳೆದು ನೋಡಿದರೆ ಹೇಗೆ ಕೂಡಿದರೂ 35,184 ಬರುವುದಿಲ್ಲ.

ಎರಡು ಓದು, ಒಂದೇ ಒಟ್ಟು

ಇಲ್ಲಿಗೆ ಮುಗಿಯಿತು ಅಂದುಕೊಂಡರೆ ಇಲ್ಲ. ಪೆನ್ನು ಪ್ಲಸ್, ಪೇಪರ್ ಸೇರಿ ಅಂದರೂ 35,184. ಪೆನ್ನು ಸೇರಿ, ಪೇಪರ್ ಪ್ಲಸ್ ಅಂದರೂ 35,184. ಎರಡರ ಮೊತ್ತವೂ 5,000, ಎರಡಕ್ಕೂ 18 ಪರ್ಸೆಂಟ್. ಒಟ್ಟು ಬೇರೆಯಾಗಲು ಸಾಧ್ಯವೇ ಇಲ್ಲ. ಟ್ಯಾಕ್ಸಿನ ಮೊತ್ತವೂ ಒಂದೇ. ಸರ್ಕಾರಕ್ಕೆ ಹೋಗುವುದು ಒಂದೇ, ಗಿರಾಕಿ ಕೊಡುವುದು ಒಂದೇ.

ಹಾಗಾದರೆ ಯಾವುದಾದರೇನು ಅಂತ ಕೇಳಬಹುದು. ಅವಳೂ ಕೇಳಿದಳು. ವ್ಯತ್ಯಾಸ ಸಾಲಿನಲ್ಲಿದೆ. ಪೇಪರ್ ರೀಮಿಗೆ ಗಿರಾಕಿ ಕೊಟ್ಟದ್ದು 250 ರೂಪಾಯಿಯೋ 295 ರೂಪಾಯಿಯೋ ಅನ್ನುವುದು ಬದಲಾಗುತ್ತದೆ. ಪೆನ್ನಿನ ಬಾಕ್ಸಿಗೆ 118ಓ 100ಓ ಅನ್ನುವುದೂ ಬದಲಾಗುತ್ತದೆ. ಎಚ್‌ಎಸ್‌ಎನ್ ಕೋಡ್ ಬೇರೆ ಬೇರೆ, ಪೆನ್ನು `9608`, ಪೇಪರ್ `4802`. ರಿಟರ್ನ್‌ನ ಎಚ್‌ಎಸ್‌ಎನ್ ಪಟ್ಟಿಯಲ್ಲಿ ಅಂಕಿ ಅದಲು ಬದಲಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಇದರಲ್ಲಿ ಸ್ವಲ್ಪ ಮಾಲು ವಾಪಸ್ ಬಂದರೆ ಯಾವ ಬೆಲೆಗೆ ವಾಪಸ್?

ಒಟ್ಟು ಕೈಕೊಟ್ಟ ಮೇಲೆ ಹಳೆ ಬಿಲ್ ತೆಗೆದೆವು. ಇದೇ ಕೋಚಿಂಗ್ ಸೆಂಟರಿಗೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಒಂದು ಬಿಲ್ ಆಗಿತ್ತು. ಅದರಲ್ಲಿ ಪೆನ್ನಿನ ರೇಟ್ 100.00 ಅಂತ ಇತ್ತು, ಮೇಲೆ 18 ಪರ್ಸೆಂಟ್. ಪೇಪರಿನ ರೇಟ್ 223.21. ಯಾವ ವ್ಯಾಪಾರಿಯೂ ಬಾಯಲ್ಲಿ 223 ರೂಪಾಯಿ 21 ಪೈಸೆ ಅಂತ ರೇಟ್ ಹೇಳುವುದಿಲ್ಲ. ಪೈಸೆ ಇರುವ ಇಂಥ ರೇಟ್ ಕಂಡರೆ ಅದು ಹಿಂದಕ್ಕೆ ಲೆಕ್ಕ ಹಾಕಿ ತೆಗೆದದ್ದು ಅಂತಲೇ ಅನುಮಾನ ಪಡಬೇಕು. ಆಗಿನ ಟ್ಯಾಕ್ಸ್ 12 ಪರ್ಸೆಂಟ್. 223.21 ಅನ್ನು 1.12ರಿಂದ ಗುಣಿಸಿದರೆ 250. ಪೇಪರಿನ 250 ಟ್ಯಾಕ್ಸ್ ಸೇರಿದ ರೇಟ್ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೂ ಒಂದು ಫೋನ್ ಮಾಡಿದೆವು. ಹಳೆ ಬಿಲ್ ಹೇಳುವುದು ಆಗಿನ ಮಾತನ್ನು. ಈಗ ರೇಟ್ ಬದಲಾಗಿರಬಹುದು. ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣಾರೇ, ಪೇಪರ್ 250 ಅಂದ್ರಲ್ಲ, ಟ್ಯಾಕ್ಸ್ ಒಳಗೇ ಅಲ್ವಾ? ಪೆನ್ನಿಗೆ ಮೇಲೆ ಹಾಕ್ಬೇಕಾ?"

"ಹೌದ್ರಿ, ಪೇಪರ್ ಯಾವಾಗ್ಲೂ ಒಳಗೇ. ಪೆನ್ನಿಗೆ ಮೇಲೆ."

"ಪೇಪರಿಗೆ ಈಗ 18 ಆಗಿದೆ, ಗೊತ್ತಲ್ಲ? ಅದೇ 250ಕ್ಕೆ ಕೊಟ್ರೆ ನಿಮ್ಮ ಕೈಗೆ 223 ಬರ್ತಿದ್ದದ್ದು ಈಗ 212 ಕೂಡ ಬರಲ್ಲ."

ಆ ಕಡೆ ಸ್ವಲ್ಪ ಹೊತ್ತು ಕ್ಯಾಲ್ಕುಲೇಟರ್ ಸದ್ದು. "ಈ ಸಲ ಮಾತು ಕೊಟ್ಟಾಗಿದೆ, ಹಾಕ್ರಿ. ಮುಂದಿನ ಸಲ ನೋಡೋಣ."

250ರಲ್ಲಿ 18 ಪರ್ಸೆಂಟ್ ಟ್ಯಾಕ್ಸ್ ತೆಗೆದರೆ ಉಳಿಯುವುದು 211.86. ರೀಮಿಗೆ 11 ರೂಪಾಯಿ ಚಿಲ್ಲರೆ ಕೈಬಿಟ್ಟಿತ್ತು, ಅದು ಅವರ ಗಮನಕ್ಕೇ ಬಂದಿರಲಿಲ್ಲ. ಟ್ಯಾಕ್ಸ್ ಸೇರಿದ ರೇಟ್ ಹೇಳುವ ವ್ಯಾಪಾರಿಗೆ ಟ್ಯಾಕ್ಸ್ ಏರಿದ್ದು ಬಿಲ್ಲಿನಲ್ಲಿ ಕಾಣುವುದಿಲ್ಲ, ಮಾರ್ಜಿನ್‌ನಲ್ಲಿ ಕಾಣುತ್ತದೆ. ಬಿಲ್ ಮಾಡುವವರಿಗೆ ಅದು ಮೊದಲು ಕಣ್ಣಿಗೆ ಬೀಳುತ್ತದೆ, ಹೇಳಿಬಿಡುವುದು ಒಳ್ಳೆಯದು.

ಇಲ್ಲೊಂದು ಪೈಸೆಯ ಜಗಳವಿದೆ. ರೇಟ್ 211.86 ಅಂತ ಹಾಕಿ 20ರಿಂದ ಗುಣಿಸಿದರೆ 4,237.20. ಆದರೆ 5,000ವನ್ನು 1.18ರಿಂದ ಭಾಗಿಸಿದರೆ 4,237.29. ಒಂಬತ್ತು ಪೈಸೆ ಕಡಿಮೆ. ಇಪ್ಪತ್ತು ರೀಮಿಗೆ ಒಂಬತ್ತು ಪೈಸೆ ಏನೂ ಅಲ್ಲ, ಸಾವಿರ ರೀಮ್ ಆದರೆ ನಾಲ್ಕು ರೂಪಾಯಿ ದಾಟುತ್ತದೆ, ಒಟ್ಟು ಯಾಕೆ ಹೊಂದುತ್ತಿಲ್ಲ ಅಂತ ಅರ್ಧ ದಿನ ಹೋಗುತ್ತದೆ. ಹಿಂದಕ್ಕೆ ಲೆಕ್ಕ ಹಾಕುವ ರೇಟಿಗೆ ನಾಲ್ಕು ದಶಮಾಂಶ ಇಟ್ಟುಕೊಳ್ಳಿ: 211.8644. ಆಗ 4,237.29 ಸರಿಯಾಗಿ ಬರುತ್ತದೆ.

ಬಾಡಿಗೆ ಯಾವ ಸಾಲಿಗೆ?

ಈ ಪ್ಯಾರಾದಲ್ಲಿ ಎಲ್ಲಕ್ಕಿಂತ ಸುಲಭ ಅನ್ನಿಸಿದ್ದು ಆಟೋ ಬಾಡಿಗೆ. ಎರಡೂ ಕರಡಿನಲ್ಲಿ ಅದು ಕೊನೆಯಲ್ಲಿ 600 ಅಂತ, ಟ್ಯಾಕ್ಸ್ ಇಲ್ಲದೆ ಕೂತಿತ್ತು. ಅದನ್ನು ಹಾಗೇ ಇಟ್ಟುಕೊಂಡೇ ಕೊನೆಗೆ 35,184 ಹೊಂದಿತ್ತು. ಆದರೂ ಅದು ತಪ್ಪು.

ಮಾಲು ಕೊಡುವವನೇ ಸಾಗಣೆಗೆ ಅಂತ ಗಿರಾಕಿಯಿಂದ ವಸೂಲಿ ಮಾಡಿದರೆ ಅದು ಮಾಲಿನ ಮೌಲ್ಯದ ಭಾಗ. ಸಿಜಿಎಸ್‌ಟಿ ಕಾಯ್ದೆಯ 15ನೇ ಸೆಕ್ಷನ್ ಇದನ್ನು ಹೇಳುತ್ತದೆ. ಪ್ಯಾಕಿಂಗ್ ಚಾರ್ಜಿಗೂ ಇದೇ. ಬಾಡಿಗೆಗೆ ಅದರದೇ ಟ್ಯಾಕ್ಸ್ ದರ ಅಂತ ಇಲ್ಲಿ ಇಲ್ಲ. ಅದು ಯಾವ ಮಾಲಿನ ಜೊತೆ ಹೋಯಿತೋ ಆ ಮಾಲಿನ ದರ. ಪೂರ್ತಿ ಲೋಡ್ ಪೆನ್ನೇ ಆಗಿದ್ದರೆ 18 ಪರ್ಸೆಂಟ್ ಹಾಕಿ ಮುಗಿಸಬಹುದಿತ್ತು. ಈ ಆಟೋದಲ್ಲಿ ಟ್ಯಾಕ್ಸ್ ಇಲ್ಲದ ನೋಟ್‌ಬುಕ್ಕೂ ಇದೆ, ಟ್ಯಾಕ್ಸ್ ಇರುವ ಮೂರು ಮಾಲೂ ಇವೆ. ಹಾಗಾಗಿ ಹಂಚಬೇಕು. ರೂಢಿಯಲ್ಲಿ ಹಂಚುವುದು ಮಾಲಿನ ಬೆಲೆಯ ಪ್ರಕಾರ. ಟ್ಯಾಲಿಯಲ್ಲೂ ಬಾಡಿಗೆಯ ಲೆಡ್ಜರ್‌ಗೆ ಮೌಲ್ಯದ ಮೇಲೆ ಹಂಚು ಅನ್ನುವ ಆಯ್ಕೆ ಇದೆ.

ಮುಂದಿನ ಪ್ರಶ್ನೆ, ಟ್ಯಾಕ್ಸನ್ನು 600ರ ಮೇಲೆ ಹಾಕುವುದಾ, ಒಳಗೆ ತೆಗೆಯುವುದಾ. ಮಾಲೀಕರು ಗಿರಾಕಿಗೆ 35,184 ಅಂತ ಮಾತು ಕೊಟ್ಟಾಗಿದೆ. ಮೇಲೆ ಹಾಕಿದರೆ ನಲವತ್ತು ಚಿಲ್ಲರೆ ರೂಪಾಯಿ ಜಾಸ್ತಿಯಾಗುತ್ತದೆ. ಅಷ್ಟಕ್ಕೆ ಇನ್ನೊಂದು ಫೋನ್ ಬೇಡ ಅಂತ 600ರ ಒಳಗೇ ತೆಗೆದೆವು. ನಾಲ್ಕೂ ಮಾಲಿನ ಟ್ಯಾಕ್ಸ್ ಇಲ್ಲದ ಬೆಲೆ 32,237.29. ಅದರಲ್ಲಿ ಟ್ಯಾಕ್ಸ್ ಬೀಳುವ ಮಾಲು 13,037.29, ಅಂದರೆ ಸುಮಾರು 40.44 ಪರ್ಸೆಂಟ್. ಬಾಡಿಗೆಯ ಟ್ಯಾಕ್ಸ್ ಇಲ್ಲದ ಮೊತ್ತವನ್ನು `F` ಅಂತ ಇಟ್ಟುಕೊಂಡರೆ:

```
F + (F × 0.4044 × 0.18) = 600
F = 559.29
```

ಈ 559.29ರಲ್ಲಿ ನೋಟ್‌ಬುಕ್ಕಿನ ಪಾಲು 333.10, ಉಳಿದ ಮೂರರ ಪಾಲು 226.19. ಆ 226.19ರ ಮೇಲೆ 18 ಪರ್ಸೆಂಟ್ ಅಂದರೆ 40.71. ಮೂರನ್ನೂ ಕೂಡಿದರೆ ಮತ್ತೆ 600.

ಟ್ಯಾಕ್ಸ್ ಇಲ್ಲದೆ 600 ಹಾಕಿದ್ದರೆ ಹೋಗುತ್ತಿದ್ದದ್ದು ಈ ನಲವತ್ತೇ ರೂಪಾಯಿ, ಅಷ್ಟಕ್ಕೆ ಇಷ್ಟೊಂದು ಬೇಕಾ ಅನ್ನಬಹುದು. ಒಂದು ಬಿಲ್ಲಿಗೆ ಬೇಡ. ಆದರೆ ಅಂಗಡಿಯ ಎಲ್ಲ ದೊಡ್ಡ ಬಿಲ್ಲಿನಲ್ಲೂ ಆಟೋ ಬಾಡಿಗೆ ಇರುತ್ತದೆ, ಲೆಡ್ಜರ್ ಒಮ್ಮೆ ಟ್ಯಾಕ್ಸ್ ಇಲ್ಲದೆ ಕೂತರೆ ವರ್ಷವಿಡೀ ಹಾಗೇ ಕೂತಿರುತ್ತದೆ. ಆಡಿಟ್‌ನಲ್ಲಿ ಆ ಒಂದು ಲೆಡ್ಜರ್ ತೆರೆದರೆ ಸಾಕು.

ಒಂದು ಪ್ಯಾರಾ ಎರಡು ಬಿಲ್ ಆದದ್ದು

ಸಾಲುಗಳೆಲ್ಲ ಸಿದ್ಧವಾದ ಮೇಲೆ ಇನ್ನೊಂದು ತಿರುವು ಬಂತು, ಅದನ್ನು ಈಮೇಲ್ ನೋಡಿ ಊಹಿಸಲು ಆಗುತ್ತಿರಲಿಲ್ಲ. ನೋಟ್‌ಬುಕ್ ಟ್ಯಾಕ್ಸ್ ಇಲ್ಲದ ಮಾಲು. ಟ್ಯಾಕ್ಸ್ ಇಲ್ಲದ ಮಾಲಿಗೆ ಕೊಡಬೇಕಾದದ್ದು ಟ್ಯಾಕ್ಸ್ ಇನ್‌ವಾಯ್ಸ್ ಅಲ್ಲ, ಬಿಲ್ ಆಫ್ ಸಪ್ಲೈ. ಎರಡು ಬಗೆಯ ಮಾಲನ್ನೂ ಒಂದೇ ಕಾಗದದಲ್ಲಿ, ಇನ್‌ವಾಯ್ಸ್ ಕಮ್ ಬಿಲ್ ಆಫ್ ಸಪ್ಲೈ ಅಂತ ಕೊಡಲು 46ಎ ನಿಯಮದಲ್ಲಿ ಅವಕಾಶವಿದೆ. ಆದರೆ ಅದು ಕೊಳ್ಳುವವರಿಗೆ ಜಿಎಸ್‌ಟಿ ನೋಂದಣಿ ಇಲ್ಲದಿದ್ದಾಗ. ಈ ಕೋಚಿಂಗ್ ಸೆಂಟರಿಗೆ ನೋಂದಣಿ ಇದೆ. ಸೆಪ್ಟೆಂಬರ್ 22ಕ್ಕೆ ಮುಂಚೆ ನೋಟ್‌ಬುಕ್ಕಿಗೂ ಟ್ಯಾಕ್ಸ್ ಇದ್ದದ್ದರಿಂದ ಒಂದೇ ಬಿಲ್ ನಡೆಯುತ್ತಿತ್ತು. ಈಗ ಬಿಡಿಸಬೇಕು.

ಬಾಡಿಗೆಯನ್ನು ಮೊದಲೇ ಹಂಚಿದ್ದು ಇಲ್ಲಿ ಉಪಯೋಗಕ್ಕೆ ಬಂತು. ನೋಟ್‌ಬುಕ್ಕಿನ ಪಾಲು ನೋಟ್‌ಬುಕ್ ಬಿಲ್ಲಿಗೆ ಹೋಯಿತು: 480 ನೋಟ್‌ಬುಕ್, ಎಚ್‌ಎಸ್‌ಎನ್ `4820`, ರೇಟ್ 40, ಬೆಲೆ 19,200, ಸಾಗಣೆ 333.10. ಒಟ್ಟು 19,533.10, ರೌಂಡ್ ಆಫ್ ಮಾಡಿ 19,533. ಉಳಿದ ಮೂರು ಮಾಲು ಟ್ಯಾಕ್ಸ್ ಇನ್‌ವಾಯ್ಸ್‌ನಲ್ಲಿ ಹೀಗೆ ಕೂತವು:

| ಮಾಲು | ಎಣಿಕೆ | ರೇಟ್ | ಲೆಸ್ ಕಳೆದ ಬೆಲೆ | ಸಾಗಣೆ ಪಾಲು | ಟ್ಯಾಕ್ಸ್ ಬೀಳುವ ಮೌಲ್ಯ | 18% ಟ್ಯಾಕ್ಸ್ |
|---|---|---|---|---|---|---|
| ಬಾಲ್ ಪೆನ್ | 50 ಬಾಕ್ಸ್ | 100.00 | 5,000.00 | 86.75 | 5,086.75 | 915.62 |
| ಮಾರ್ಕರ್ | 200 | 20.00 | 3,800.00 | 65.93 | 3,865.93 | 695.86 |
| ಎ4 ಪೇಪರ್ | 20 ರೀಮ್ | 211.8644 | 4,237.29 | 73.51 | 4,310.80 | 775.94 |
| ಒಟ್ಟು | | | 13,037.29 | 226.19 | 13,263.48 | 2,387.42 |

ಟ್ಯಾಕ್ಸ್‌ನಲ್ಲಿ ಅರ್ಧ ಸಿಜಿಎಸ್‌ಟಿ 1,193.71, ಅರ್ಧ ಎಸ್‌ಜಿಎಸ್‌ಟಿ 1,193.71. ಇನ್‌ವಾಯ್ಸ್ ಮೊತ್ತ 15,650.90, ರೌಂಡ್ ಆಫ್ ಮಾಡಿ 15,651. ಎರಡೂ ಬಿಲ್ ಕೂಡಿದರೆ 35,184. ಮಾಲೀಕರು ಗಿರಾಕಿಗೆ ಹೇಳಿದ್ದೇ ಬಂತು, ಒಂದು ಪೈಸೆಯ ಹೊಂದಾಣಿಕೆ ಬೇಕಾಗಲಿಲ್ಲ. ಒಂದು ಬಿಲ್ಲಿನಲ್ಲಿ ಹತ್ತು ಪೈಸೆ ಬಿಟ್ಟದ್ದು ಇನ್ನೊಂದರಲ್ಲಿ ಹತ್ತು ಪೈಸೆ ಸೇರಿ ಸರಿಹೋಯಿತು. ಅದು ಈ ಸಲದ ಅದೃಷ್ಟ, ಎಲ್ಲ ಸಲವೂ ಹಾಗಾಗುವುದಿಲ್ಲ, ಒಂದು ರೂಪಾಯಿ ಆಚೀಚೆ ಆದರೆ ಗಿರಾಕಿಗೆ ಮುಂಚೆಯೇ ಹೇಳಬೇಕು.

ಡಿಸ್ಕೌಂಟ್ ಬಗ್ಗೆ ಒಂದು ಮಾತು. ಮಾರ್ಕರ್‌ನ 5 ಪರ್ಸೆಂಟ್ ಅನ್ನು ಟ್ಯಾಕ್ಸ್‌ಗಿಂತ ಮೊದಲು ಕಳೆದರೂ ನಂತರ ಕಳೆದರೂ ಕೊಡುವ ಮೊತ್ತ 4,484ವೇ. ಅದಕ್ಕೇ ಎಷ್ಟೋ ಜನ ಇದನ್ನು ಗಮನಿಸುವುದಿಲ್ಲ. ಆದರೆ ಬಿಲ್ಲಿನಲ್ಲಿ ಟ್ಯಾಕ್ಸ್ 684 ಅಂತ ಇರಬೇಕೋ 720 ಅಂತ ಇರಬೇಕೋ ಅನ್ನುವುದು ಕಳೆಯುವ ಜಾಗದ ಮೇಲೆ ನಿಂತಿದೆ. ಬಿಲ್ಲಿನಲ್ಲೇ ತೋರಿಸಿದ ಡಿಸ್ಕೌಂಟ್ ಮೌಲ್ಯದಿಂದ ಕಳೆಯುತ್ತದೆ, ಆದ್ದರಿಂದ ಸಾಲಿನಲ್ಲೇ, ಟ್ಯಾಕ್ಸ್‌ಗಿಂತ ಮೊದಲು. "ಒಟ್ಟಿನ ಮೇಲೆ 500 ಬಿಟ್ಟಿದೀನಿ" ಅಂತ ಬರೆದಿದ್ದರೆ ಕಥೆ ಬೇರೆಯಾಗುತ್ತಿತ್ತು. ಅದನ್ನೂ ಬಾಡಿಗೆಯ ಹಾಗೆ ಎಲ್ಲ ಸಾಲಿಗೆ, ಎರಡೂ ಬಿಲ್ಲಿಗೆ ಹಂಚಬೇಕಿತ್ತು.

ಆಮೇಲೆ

ಮಾಲು ಮರುದಿನ ಬೆಳಿಗ್ಗೆ ಎರಡು ಬಿಲ್ ಜೊತೆ ಹೋಯಿತು. ಕೋಚಿಂಗ್ ಸೆಂಟರಿನ ಅಕೌಂಟೆಂಟ್ ಫೋನ್ ಮಾಡಿ, ಒಂದು ಆರ್ಡರ್‌ಗೆ ಎರಡು ಬಿಲ್ ಯಾಕೆ ಅಂತ ಕೇಳಿದರು. ನೋಟ್‌ಬುಕ್ಕಿಗೆ ಟ್ಯಾಕ್ಸ್ ಹೋಗಿದೆ ಅಂದದ್ದಕ್ಕೆ ಒಪ್ಪಿಕೊಂಡರು.

ನಿಜವಾದ ಪರೀಕ್ಷೆ ಆದದ್ದು ಕೆಲವು ದಿನ ಬಿಟ್ಟು. ಒಂದು ಪೆಟ್ಟಿಗೆ ಪೇಪರ್ ತೇವ ಹಿಡಿದಿದೆ ಅಂತ ವಾಪಸ್ ಬಂತು. ಐದು ರೀಮ್. ಕ್ರೆಡಿಟ್ ನೋಟ್ ಮಾಡಬೇಕು. ಇನ್‌ವಾಯ್ಸ್‌ನ ಸಾಲು ಕಣ್ಣ ಮುಂದಿತ್ತು: 5 × 211.8644 ಅಂದರೆ 1,059.32, ಟ್ಯಾಕ್ಸ್ 190.68, ಒಟ್ಟು 1,250. ಮಾಲೀಕರೂ ಬಾಯಿಲೆಕ್ಕದಲ್ಲಿ ಐದು ರೀಮಿಗೆ 1,250 ಅಂತಲೇ ಹೇಳಿದರು. ಅವತ್ತು ಸಂಜೆ ಇನ್ನೊಂದು ಓದನ್ನು ಹಿಡಿದಿದ್ದರೆ, ಪೇಪರಿಗೆ 250 ಪ್ಲಸ್ ಟ್ಯಾಕ್ಸ್ ಅಂತ ಸಾಲು ಕೂತಿದ್ದರೆ, ಕ್ರೆಡಿಟ್ ನೋಟ್ 1,475 ಆಗುತ್ತಿತ್ತು. ಗಿರಾಕಿ ಬಿಲ್ ನೋಡಿ ಅಷ್ಟೇ ಕೇಳುತ್ತಿದ್ದರು, ಕೇಳುವ ಹಕ್ಕೂ ಅವರಿಗಿತ್ತು. ಬಿಲ್ಲಿನ ದಿನ ಒಂದೇ ಒಟ್ಟು ಕೊಟ್ಟಿದ್ದ ಎರಡು ಓದಿನ ನಡುವೆ ವಾಪಸ್ ಬಂದ ದಿನ 225 ರೂಪಾಯಿ ವ್ಯತ್ಯಾಸ.

ಸಾಗಣೆಯ ಪಾಲನ್ನು ಕ್ರೆಡಿಟ್ ನೋಟ್‌ನಲ್ಲಿ ವಾಪಸ್ ಕೊಡಲಿಲ್ಲ. ಆಟೋ ಹೋಗಿದ್ದು ಹೋಗಿದೆ, ಬಾಡಿಗೆ ಕೊಟ್ಟಾಗಿದೆ. ಗಿರಾಕಿ ಕೇಳಲೂ ಇಲ್ಲ. ಕೇಳಿದ್ದರೆ ಅದು ಇಬ್ಬರು ವ್ಯಾಪಾರಿಗಳ ಮಾತು, ಲೆಕ್ಕದ್ದಲ್ಲ.

ರಿಟರ್ನ್ ತುಂಬುವಾಗ ಎರಡು ಬಿಲ್ ಎರಡು ಕಡೆ ಹೋದವು. ಟ್ಯಾಕ್ಸ್ ಇನ್‌ವಾಯ್ಸ್ ಜಿಎಸ್‌ಟಿಆರ್-1ರ 4ನೇ ಟೇಬಲ್‌ಗೆ, ನೋಟ್‌ಬುಕ್ ಬಿಲ್ಲಿನ ಮೊತ್ತ 8ನೇ ಟೇಬಲ್‌ಗೆ. ಒಂದೇ ಬಿಲ್ಲಿನಲ್ಲಿ ಸೇರಿಸಿದ್ದರೆ ಇದನ್ನು ಆಗ ಕೈಯಲ್ಲಿ ಬಿಡಿಸಬೇಕಾಗುತ್ತಿತ್ತು.

ಈ ವಿಧಾನ ಎಲ್ಲಿ ಕೈಕೊಡುತ್ತದೆ

ಈ ಪ್ರಕರಣದ ನಂತರ ಆಫೀಸಿನಲ್ಲಿ ಇಂಥ ಈಮೇಲ್ ಬಂದಾಗ ಕೆಲಸದ ಕ್ರಮ ಬದಲಾಯಿತು. ಮೊದಲು ಒಟ್ಟನ್ನು ಬೇರೆ ಬರೆದುಕೊಳ್ಳುತ್ತೇವೆ. ಆಮೇಲೆ ಪ್ರತಿ ಮಾಲಿನ ಮುಂದೆ ಮೂರೇ ಗುರುತು: ಮೇಲೆ, ಒಳಗೆ, ಗೊತ್ತಿಲ್ಲ. ಗೊತ್ತಿಲ್ಲ ಅನ್ನುವವನ್ನು ಎರಡೂ ರೀತಿ ಹಾಕಿ ಒಟ್ಟಿಗೆ ಹೊಂದಿಸಿ ನೋಡುತ್ತೇವೆ. ಒಂದೇ ರೀತಿ ಹೊಂದಿದರೆ ಒಳ್ಳೆಯದು. ಎರಡು ರೀತಿ ಹೊಂದಿದರೆ ಹಳೆ ಬಿಲ್, ಅದಾದ ಮೇಲೆ ಫೋನ್. ಒಂದೂ ಹೊಂದದಿದ್ದರೆ ನೇರ ಫೋನ್.

ಒಟ್ಟೇ ಬರೆಯದ ಈಮೇಲ್‌ಗೆ ಇದು ಆಗುವುದಿಲ್ಲ. ಹೊಂದಿಸಿ ನೋಡಲು ಏನೂ ಇಲ್ಲದಾಗ ಹಳೆ ಬಿಲ್ಲಿನ ಮೇಲೆ ಮಾತ್ರ ನಿಲ್ಲುವುದು ಅಪಾಯ, ಏಕೆಂದರೆ ರೇಟ್ ಅದೇ ಇದ್ದು ಮಾತು ಬದಲಾಗಿರಬಹುದು. ಆಗ ಮಾಲೀಕರಿಂದಲೇ ಒಟ್ಟು ಕೇಳಿಸಿಕೊಳ್ಳುತ್ತೇವೆ. ಕೇಳುವುದು "ಟ್ಯಾಕ್ಸ್ ಸೇರಿಯಾ?" ಅಂತ ಅಲ್ಲ, ಅದಕ್ಕೆ ಅರ್ಧ ಜನ ಅಭ್ಯಾಸದಲ್ಲಿ ಹೌದು ಅನ್ನುತ್ತಾರೆ. "ಗಿರಾಕಿ ಕೊನೆಗೆ ಎಷ್ಟು ಕೊಡ್ತಾರೆ?" ಅಂತ ಕೇಳಿದರೆ ಯಾವ ವ್ಯಾಪಾರಿಯೂ ತಪ್ಪು ಹೇಳುವುದಿಲ್ಲ.

ಒಟ್ಟು ದುಂಡಗಿದ್ದರೂ ಕಷ್ಟ. 35,184 ಅನ್ನುವುದು ಕ್ಯಾಲ್ಕುಲೇಟರ್‌ನಲ್ಲಿ ಬಂದ ಅಂಕಿ, ಅದಕ್ಕೇ ಅದು ಅಷ್ಟು ಮಾತಾಡಿತು. "35,000 ಮಾಡಿಬಿಡಿ" ಅಂತ ಇದ್ದಿದ್ದರೆ ಅದರಲ್ಲಿ ಚೌಕಾಸಿ ಸೇರಿರುತ್ತಿತ್ತು. 184 ಯಾವ ಸಾಲಿನಲ್ಲಿ ಬಿಟ್ಟರು ಅನ್ನುವುದು ಆ ಅಂಕಿಯಿಂದ ತಿಳಿಯುವುದಿಲ್ಲ. ಅಂಥ ಈಮೇಲ್‌ಗೆ ಈಗ ನಾವು ಸಾಲು ಮಾಡುವ ಮೊದಲೇ ಫೋನ್ ಮಾಡುತ್ತೇವೆ.